ಸೋಲ್ಡರಿಂಗ್ ಐರನ್ ಎಷ್ಟು ಡಿಗ್ರಿಗೆ ಇಡಬೇಕು? ಒಂದು ರೌಟರ್ ಬೋರ್ಡ್ ಹಿಡಿದು ಲೆಕ್ಕ

ಸುರತ್ಕಲ್, ಮಣಿಪಾಲದ ಕಾಲೇಜು ಹುಡುಗರಿಂದ ಹಿಡಿದು ಮನೆಯಲ್ಲೇ ಸಣ್ಣಪುಟ್ಟ ರಿಪೇರಿ ಮಾಡಿಕೊಳ್ಳುವವರವರೆಗೆ ಎಲ್ಲರೂ ಕೇಳುವ ಪ್ರಶ್ನೆ ಒಂದೇ: "ಟೆಂಪರೇಚರ್ ಸ್ಟೇಷನ್ ತಗೊಂಡೆ, ಎಷ್ಟಕ್ಕೆ ಸೆಟ್ ಮಾಡಲಿ?"

ಚಿಕ್ಕ ಉತ್ತರ ಬೇಕಿದ್ದರೆ ಇದು. ಲೆಡ್, ಅಂದರೆ ಸೀಸ ಇರುವ ಸೋಲ್ಡರ್‌ಗೆ 330ರಿಂದ 350 ಡಿಗ್ರಿ ಸೆಲ್ಸಿಯಸ್. ಸೀಸ ಇಲ್ಲದ ಸೋಲ್ಡರ್‌ಗೆ 360ರಿಂದ 380. 400 ದಾಟಬೇಡಿ.

ಆದರೆ ಇಷ್ಟು ಹೇಳಿದ ಮೇಲೂ ಎರಡನೇ ಪ್ರಶ್ನೆ ಬಂದೇ ಬರುತ್ತದೆ. "370 ಇಟ್ಟರೂ ಕರಗಲಿಲ್ಲ, 450 ಮಾಡಿದೆ, ಪ್ಯಾಡ್ ಎದ್ದು ಬಂತು. ಯಾಕೆ?" ಪ್ಯಾಡ್ ಎಂದರೆ ಪಾರ್ಟಿನ ಕಾಲನ್ನು ಬೆಸೆಯುವ, ಬೋರ್ಡಿನ ಮೇಲಿನ ತಾಮ್ರದ ಚುಕ್ಕೆ. ಈ ಲೇಖನ ಆ ಎರಡನೇ ಪ್ರಶ್ನೆಗೆ. ಉದಾಹರಣೆಗೆ ಒಂದು ಮಾಮೂಲಿ ಕೆಲಸವನ್ನೇ ಇಟ್ಟುಕೊಳ್ಳೋಣ: ವೈಫೈ ರೌಟರ್ ಒಳಗೆ, ಅಡಾಪ್ಟರ್ ಪಿನ್ ಚುಚ್ಚುವ ಜಾಗದ ಪಕ್ಕದಲ್ಲಿ, ತಲೆ ಉಬ್ಬಿದ 470 ಮೈಕ್ರೋಫ್ಯಾರಡ್, 16 ವೋಲ್ಟ್ ಕೆಪ್ಯಾಸಿಟರ್. ಅದನ್ನು ತೆಗೆದು ಹೊಸದು ಹಾಕಬೇಕು.

ಬೇಕಾದ ಸಾಮಾನು

ಟೆಂಪರೇಚರ್ ಕಂಟ್ರೋಲ್ ಇರುವ ಐರನ್ ಅಥವಾ ಸ್ಟೇಷನ್. 2ರಿಂದ 2.5 ಮಿ.ಮೀ. ಅಗಲದ ಚಪ್ಪಟೆ ಬಿಟ್ (ಬಿಟ್ ಎಂದರೆ ಐರನ್‌ನ ತುದಿ; ಉಳಿಯ ಬಾಯಿಯ ಹಾಗೆ ಇರುವುದನ್ನು ಕೇಳಿ). ಸ್ಟೇಷನ್ ಜೊತೆ ಬರುವ ಸೂಜಿಮೊನೆ ಬಿಟ್ ಈ ಕೆಲಸಕ್ಕೆ ಪ್ರಯೋಜನವಿಲ್ಲ, ಕಾರಣ ಮುಂದೆ ಹೇಳುತ್ತೇನೆ. 0.8 ಮಿ.ಮೀ. ದಪ್ಪದ 63/37 ಸೋಲ್ಡರ್ ವೈರ್, ಒಳಗೆ ಫ್ಲಕ್ಸ್ ಇರುವಂಥದ್ದು. ಬೇರೆಯಾಗಿ ಸ್ವಲ್ಪ ರೋಸಿನ್ ಫ್ಲಕ್ಸ್. ಸೋಲ್ಡರ್ ಎಳೆಯುವ ಪಂಪ್. ಐಸೊಪ್ರೊಪೈಲ್ ಆಲ್ಕೋಹಾಲ್, ಹಳೆಯ ಟೂತ್‌ಬ್ರಷ್. ಜೊತೆಗೆ ಹಿಡಿಸೂಡಿಯಿಂದ ಎಳೆದ ಒಂದು ತೆಂಗಿನ ಕಡ್ಡಿ. ತಮಾಷೆಯಲ್ಲ, ಅದಕ್ಕೂ ಕೆಲಸ ಇದೆ.

ಫ್ಲಕ್ಸ್ ಎಂದರೆ ಲೋಹದ ಮೇಲಿನ ಆಕ್ಸೈಡ್ ಪದರ ತೆಗೆದು ಸೋಲ್ಡರ್ ಅಂಟುವಂತೆ ಮಾಡುವ ವಸ್ತು. ರೋಸಿನ್ ಎಂದರೆ ಪೈನ್ ಮರದ ರಾಳ. ಅಂಗಡಿಯಲ್ಲಿ ಕೊಳ್ಳುವಾಗ ಒಂದು ಎಚ್ಚರಿಕೆ: ಪೈಪ್, ತಗಡಿನ ಕೆಲಸಕ್ಕೆ ಬರುವ ಆ್ಯಸಿಡ್ ಫ್ಲಕ್ಸ್ ಬೋರ್ಡಿಗೆ ಹಾಕಲೇಬೇಡಿ. ಅದರ ಉಳಿಕೆ ಗಾಳಿಯ ತೇವ ಹೀರಿ ತಾಮ್ರವನ್ನು ತಿನ್ನುತ್ತದೆ. ನಮ್ಮ ಮಳೆಗಾಲದಲ್ಲಿ ಕೇಳಬೇಕೇ, ಟ್ರ್ಯಾಕ್ ಹಸಿರು ಬಣ್ಣಕ್ಕೆ ತಿರುಗಲು ಜಾಸ್ತಿ ದಿನ ಬೇಡ.

1. ಯಾವ ಸೋಲ್ಡರ್ ಎಂದು ಮೊದಲು ತಿಳಿದುಕೊಳ್ಳಿ

ಇಲ್ಲಿ ಎರಡು ಸೋಲ್ಡರ್ ಇದೆ, ಅದು ನೆನಪಿರಲಿ. ಒಂದು ನಿಮ್ಮ ಕೈಯಲ್ಲಿರುವುದು. ಇನ್ನೊಂದು ಬೋರ್ಡಿನ ಮೇಲೆ ಮೊದಲೇ ಇರುವುದು.

ನಿಮ್ಮ ಕೈಯಲ್ಲಿರುವ 63/37ರಲ್ಲಿ 63 ಭಾಗ ತವರ, 37 ಭಾಗ ಸೀಸ. ಇದು 183 ಡಿಗ್ರಿಯಲ್ಲಿ ಒಮ್ಮೆಲೇ ಕರಗಿ, ಒಮ್ಮೆಲೇ ಗಟ್ಟಿಯಾಗುತ್ತದೆ. ಅಗ್ಗಕ್ಕೆ ಸಿಗುವ 60/40 ಕೂಡ 183ಕ್ಕೇ ಕರಗಲು ಶುರು, ಆದರೆ ಪೂರ್ತಿ ನೀರಾಗಲು ಇನ್ನೂ ಕೆಲವು ಡಿಗ್ರಿ ಬೇಕು. ನಡುವೆ ಗಂಜಿಯಂಥ ಒಂದು ಸ್ಥಿತಿ ಇರುತ್ತದೆ. ಆಗ ಪಾರ್ಟ್ ಅಲುಗಿದರೆ ಜಾಯಿಂಟ್ ಒಳಗೇ ಬಿರುಕು. ಹೊಸಬರಿಗೆ 63/37 ಒಳ್ಳೆಯದು ಎನ್ನುವುದು ಇದಕ್ಕೇ.

ರೌಟರ್ ಬೋರ್ಡಿನ ಮೇಲಿರುವುದು ಹೆಚ್ಚುಕಡಿಮೆ ಖಂಡಿತ ಸೀಸ ಇಲ್ಲದ್ದು. ಯುರೋಪಿನ ಆರ್‌ಒಎಚ್‌ಎಸ್ ನಿಯಮ 2006ರ ಜುಲೈಯಲ್ಲಿ ಜಾರಿಗೆ ಬಂದ ಮೇಲೆ ಕಾರ್ಖಾನೆಗಳು ಸೀಸ ಬಿಟ್ಟವು. ನಮ್ಮ ದೇಶದ ಇ-ತ್ಯಾಜ್ಯ ನಿಯಮದಲ್ಲೂ ಇಂಥ ಉಪಕರಣಗಳಲ್ಲಿ ಸೀಸಕ್ಕೆ 0.1 ಶೇಕಡಾ ಮಿತಿ ಇದೆ. ಈ ಬೋರ್ಡುಗಳಲ್ಲಿ ಸಾಮಾನ್ಯವಾಗಿ ಇರುವುದು ತವರ, 3 ಶೇಕಡಾ ಬೆಳ್ಳಿ, 0.5 ಶೇಕಡಾ ತಾಮ್ರದ ಮಿಶ್ರಣ, ಅಥವಾ ಬೆಳ್ಳಿಯೂ ಇಲ್ಲದ ತವರ-ತಾಮ್ರ. ಮೊದಲನೆಯದು 217ರಿಂದ 220 ಡಿಗ್ರಿಯಲ್ಲಿ ಕರಗುತ್ತದೆ. ಎರಡನೆಯದಕ್ಕೆ 227 ಬೇಕು.

ಅಂದರೆ ಬೋರ್ಡಿನ ಮೇಲಿನ ಸೋಲ್ಡರ್ ನಿಮ್ಮ ಕೈಯಲ್ಲಿರುವುದಕ್ಕಿಂತ ಸುಮಾರು 35ರಿಂದ 45 ಡಿಗ್ರಿ ಮೇಲೆ ಕರಗುತ್ತದೆ. ತೆಗೆಯುವಾಗ ಕಷ್ಟ, ಹಾಕುವಾಗ ಸುಲಭ ಅನ್ನಿಸುವುದು ಇದರಿಂದಲೇ. ಬೋರ್ಡಿನಲ್ಲಿ ಪಿಬಿ-ಫ್ರೀ ಎಂದು ಮುದ್ರಿಸಿದ್ದರೆ ಅನುಮಾನವೇ ಬೇಡ. ಮುದ್ರೆ ಇಲ್ಲದಿದ್ದರೂ ಜಾಯಿಂಟ್ ಸ್ವಲ್ಪ ಮಂಕಾಗಿ, ತರಿತರಿಯಾಗಿ ಕಂಡರೆ ಸೀಸ ಇಲ್ಲ ಎಂದೇ ಹಿಡಿಯಿರಿ.

ಮನೆ ರಿಪೇರಿಗೆ ಯಾವುದು ಕೊಳ್ಳಲಿ ಎಂದರೆ, ನನ್ನ ಮಟ್ಟಿಗೆ 63/37. ಕಡಿಮೆ ಬಿಸಿ ಸಾಕು, ಬೇಗ ಹರಡುತ್ತದೆ. ಮಾರಾಟಕ್ಕೆ ಸಾಮಾನು ಮಾಡುವವರು, ಹೊರದೇಶಕ್ಕೆ ಕಳಿಸುವವರು ಮಾತ್ರ ಸೀಸ ಇಲ್ಲದ್ದನ್ನೇ ಬಳಸಬೇಕು.

2. ಐರನ್ ಹೇಳುವ ಡಿಗ್ರಿ ನಿಜವೇ ಎಂದು ನೋಡಿ

ಹಿಡಿಯಲ್ಲೇ ತಿರುಗಿಸುವ ಬಟನ್ ಇರುವ ಅಗ್ಗದ ಐರನ್‌ಗಳಲ್ಲಿ 350 ಎಂದು ಬರೆದ ಕಡೆ ಬಿಟ್ 310 ಇದ್ದರೂ ಇರಬಹುದು, 400 ಇದ್ದರೂ ಇರಬಹುದು. ಥರ್ಮಾಮೀಟರ್ ಇಲ್ಲದೆ ಇದನ್ನು ಅಂದಾಜು ಮಾಡಲು ಸೋಲ್ಡರೇ ಸಾಕು, ಯಾಕೆಂದರೆ ಅದು ಕರಗುವ ಡಿಗ್ರಿ ನಮಗೆ ಗೊತ್ತು.

ತವರ-ತಾಮ್ರದ, ಸೀಸ ಇಲ್ಲದ ತೆಳು ವೈರ್ ಒಂದು ಗೇಣು ಸಂಪಾದಿಸಿಕೊಳ್ಳಿ. ಐರನ್ನನ್ನು 200ಕ್ಕೆ ಇಟ್ಟು ಎರಡು ನಿಮಿಷ ಬಿಡಿ. ಬಿಟ್ ಚೆನ್ನಾಗಿ ಒರೆಸಿ. ವೈರ್ ತುದಿ ಮುಟ್ಟಿಸಿ. ಕರಗಬಾರದು. ಈಗ 5 ಡಿಗ್ರಿ ಏರಿಸುತ್ತಾ, ಪ್ರತಿ ಸಲ ಅರ್ಧ ನಿಮಿಷ ಕಾದು, ಮತ್ತೆ ಮುಟ್ಟಿಸಿ. ನಿಮ್ಮ ಐರನ್ 250 ತೋರಿಸುವಾಗ ಕರಗಿತು ಎಂದುಕೊಳ್ಳಿ. ಬಿಟ್ ನಿಜವಾಗಿ ಇರುವುದು 227ರ ಆಸುಪಾಸು. ಅಂದರೆ ನಿಮ್ಮದು ಸುಮಾರು 20 ಡಿಗ್ರಿ ಜಾಸ್ತಿ ತೋರಿಸುತ್ತಿದೆ. 350ರಲ್ಲೂ ವ್ಯತ್ಯಾಸ ಕರಾರುವಾಕ್ಕಾಗಿ ಅಷ್ಟೇ ಇರುತ್ತದೆ ಎಂದೇನಿಲ್ಲ, ಆದರೆ ಯಾವ ಕಡೆಗೆ ತಪ್ಪುತ್ತಿದೆ ಎಂದು ತಿಳಿಯುತ್ತದೆ.

ಇಲ್ಲಿ ಜನ ಎಡವುವುದು ಬಿಟ್ ಒರೆಸುವುದರಲ್ಲಿ. ಬಿಟ್ ಮೇಲೆ ಹಳೆಯ ಸೀಸದ ಸೋಲ್ಡರ್ ಉಳಿದಿದ್ದರೆ ಅದು ಹೊಸದರ ಜೊತೆ ಬೆರೆತು 227ಕ್ಕಿಂತ ಮೊದಲೇ ಕರಗಿಸಿಬಿಡುತ್ತದೆ. ಲೆಕ್ಕ ಕೆಟ್ಟಿತು.

ಕಂಟ್ರೋಲ್ ಇಲ್ಲದ 25 ವ್ಯಾಟ್ ಐರನ್ ಇರುವವರಿಗೂ ಒಂದು ಮಾತು. ಅದರ ಬಿಸಿ ನಿಮ್ಮ ಮನೆಯ ವೋಲ್ಟೇಜ್ ಮೇಲೆ ನಿಂತಿದೆ. ವ್ಯಾಟ್ ಎನ್ನುವುದು ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಏರಿಳಿಯುತ್ತದೆ. 230 ವೋಲ್ಟಿಗೆ 25 ವ್ಯಾಟ್ ಇರುವುದು, ಸಂಜೆ ಹೊತ್ತು ತೋಟದ ಪಂಪುಗಳೆಲ್ಲ ಓಡಿ ಲೈನ್ 190ಕ್ಕೆ ಇಳಿದಾಗ ಬರೀ 17 ವ್ಯಾಟ್. "ಬೆಳಿಗ್ಗೆ ಚೆನ್ನಾಗಿ ಕರಗ್ತಿತ್ತು, ಈಗ ಅಂಟುತ್ತಲೇ ಇಲ್ಲ" ಎನ್ನುವುದರ ಹಿಂದೆ ಹಲವು ಸಲ ಇರುವುದು ಇದೇ.

3. ಡಿಗ್ರಿ ಏರಿಸುವ ಮೊದಲು ಬಿಟ್ ನೋಡಿ

ಸೋಲ್ಡರ್ 183ಕ್ಕೆ ಕರಗುವುದಾದರೆ 340 ಯಾಕೆ? ಬಿಟ್ ತಾಗಿದ ಕೂಡಲೇ ಅದರ ಬಿಸಿಯನ್ನು ಪ್ಯಾಡ್, ಕಾಲು, ತಾಮ್ರ ಎಲ್ಲ ಎಳೆದುಕೊಳ್ಳುತ್ತವೆ. ಜಾಯಿಂಟ್ ಇರುವ ಜಾಗ ಸೋಲ್ಡರ್ ಕರಗುವ ಡಿಗ್ರಿಗಿಂತ 40 ಡಿಗ್ರಿಯಷ್ಟು ಮೇಲೆ ಹೋದರೆ ಸೋಲ್ಡರ್ ಚೆನ್ನಾಗಿ ಹರಡುತ್ತದೆ. ಅಷ್ಟು ಬಿಸಿಯನ್ನು ಎರಡು-ಮೂರು ಸೆಕೆಂಡಿನಲ್ಲಿ ಮುಟ್ಟಿಸಲು ಬಿಟ್ ಅದಕ್ಕಿಂತ ಬಹಳ ಮೇಲೆ ಇರಬೇಕು.

ಬಿಸಿ ದಾಟುವುದು ಬಿಟ್ ಮತ್ತು ಪ್ಯಾಡ್ ಒಂದಕ್ಕೊಂದು ತಾಗುವ ಜಾಗದಿಂದ. ಸೂಜಿಮೊನೆ ಬಿಟ್ ತಾಗುವುದು ಒಂದು ಚುಕ್ಕಿಯಷ್ಟು. ಹಾಗಾಗಿ 400ರ ಸೂಜಿಮೊನೆಗಿಂತ 350ರ ಚಪ್ಪಟೆ ಬಿಟ್ ಬೇಗ ಕೆಲಸ ಮಾಡುತ್ತದೆ, ಬೋರ್ಡಿಗೂ ಪೆಟ್ಟಿಲ್ಲ. ಬಿಟ್‌ನ ಅಗಲ ಪ್ಯಾಡಿನ ಅಗಲದಷ್ಟೇ ಇರಲಿ.

ಬಿಟ್ ಬೆಳ್ಳಗೆ ಹೊಳೆಯುತ್ತಿರಬೇಕು. ಕಪ್ಪಾಗಿದ್ದರೆ ಅದರ ಮೇಲೆ ಆಕ್ಸೈಡ್ ಕೂತಿದೆ, ಬಿಸಿ ದಾಟುವುದಿಲ್ಲ. ಹೀಗಾದಾಗ ಜನ 450ಕ್ಕೆ ತಿರುಗಿಸುತ್ತಾರೆ. ಆ ಬಿಸಿಗೆ ಬಿಟ್ ಇನ್ನೂ ಬೇಗ ಕಪ್ಪಾಗುತ್ತದೆ, ಮತ್ತೆ ಕರಗುವುದಿಲ್ಲ. ಕಪ್ಪಾದ ಬಿಟ್ ಅನ್ನು ಅರದಿಂದ ಉಜ್ಜಬೇಡಿ. ಸ್ಟೇಷನ್ ಬಿಟ್ ಒಳಗೆ ತಾಮ್ರ, ಮೇಲೆ ಕಬ್ಬಿಣದ ತೆಳು ಲೇಪ. ಲೇಪ ಹೋದರೆ ಸೋಲ್ಡರ್ ಒಳಗಿನ ತಾಮ್ರವನ್ನು ಕರಗಿಸಿ ಗುಂಡಿ ಮಾಡುತ್ತದೆ. 300ಕ್ಕೆ ಇಳಿಸಿ, ಫ್ಲಕ್ಸ್ ಇರುವ ಸೋಲ್ಡರ್ ಧಾರಾಳ ಹಾಕಿ, ಹಿತ್ತಾಳೆ ಉಣ್ಣೆಯಲ್ಲಿ ತಿಕ್ಕಿ. ಹಿತ್ತಾಳೆ ಉಣ್ಣೆ ಎಂದರೆ ಪಾತ್ರೆ ಉಜ್ಜುವ ಬ್ರಷ್ಷಿನಂತೆ ಸುರುಳಿ ಇರುವ ಹಿತ್ತಾಳೆಯ ತೆಳು ಎಳೆಗಳು. ಎರಡು-ಮೂರು ಸಲ ಮಾಡಿದರೆ ಸಾಮಾನ್ಯವಾಗಿ ಬಿಟ್ ಮತ್ತೆ ಬೆಳ್ಳಗಾಗುತ್ತದೆ.

ಇನ್ನೊಂದು, ಸೆಕೆ ಎಂದು ತಲೆ ಮೇಲೆ ಫ್ಯಾನ್ ಜೋರಾಗಿ ಬಿಟ್ಟುಕೊಂಡು ಕೂರುತ್ತೀರಿ ಅಲ್ವಾ? ಆ ಗಾಳಿ ಸಣ್ಣ ಐರನ್‌ನ ಬಿಟ್ ಅನ್ನೂ, ಬೋರ್ಡನ್ನೂ ತಣ್ಣಗೆ ಮಾಡುತ್ತಾ ಇರುತ್ತದೆ. ಟೇಬಲ್ ಫ್ಯಾನ್ ಇಟ್ಟು, ಹೊಗೆ ನಿಮ್ಮ ಮುಖದಿಂದ ಕಿಟಕಿ ಕಡೆಗೆ ಹೋಗುವಂತೆ ನಿಧಾನಕ್ಕೆ ತಿರುಗಿಸಿಡಿ.

4. ಹಳೆಯ ಕೆಪ್ಯಾಸಿಟರ್ ತೆಗೆಯುವುದು

ಅಡಾಪ್ಟರ್ ಕಿತ್ತು ಐದು ನಿಮಿಷ ಬಿಡಿ. ರೌಟರ್ ಬೋರ್ಡಿನಲ್ಲಿ ಇರುವುದು ಸಾಮಾನ್ಯವಾಗಿ 12 ವೋಲ್ಟ್ ಅಥವಾ ಅದಕ್ಕೂ ಕಡಿಮೆ, ಹೆದರಿಕೆಯಿಲ್ಲ. ಆದರೆ ಅಡಾಪ್ಟರ್ ಒಳಗಿನ ದೊಡ್ಡ ಕೆಪ್ಯಾಸಿಟರಿನಲ್ಲಿ 300 ವೋಲ್ಟಿಗಿಂತ ಹೆಚ್ಚು ನಿಂತಿರಬಹುದು. ಹೊಸಬರು ಅದನ್ನು ಬಿಚ್ಚುವುದು ಬೇಡ.

ಕೆಪ್ಯಾಸಿಟರಿನ ಮೈಮೇಲೆ ಒಂದು ಪಕ್ಕ ಪಟ್ಟಿ ಇರುತ್ತದೆ, ಅದು ಮೈನಸ್ ಕಾಲು. ಬೋರ್ಡಿನಲ್ಲಿ ಅದು ಯಾವ ತೂತಿಗೆ ಹೋಗಿದೆ ಎಂದು ಫೋಟೋ ತೆಗೆದಿಟ್ಟುಕೊಳ್ಳಿ. ಬೋರ್ಡ್ ತಿರುಗಿಸಿ ಎರಡೂ ಜಾಯಿಂಟಿಗೆ ಫ್ಲಕ್ಸ್ ಹಚ್ಚಿ. ಐರನ್ 350.

ಪ್ಲಸ್ ಕಾಲಿಗೆ ಬಿಟ್ ಇಟ್ಟು, ಪಕ್ಕದಿಂದ ಸ್ವಲ್ಪ 63/37 ಉಣಿಸಿ. ಎರಡು ಸೆಕೆಂಡಿನಲ್ಲಿ ಎಲ್ಲ ಕರಗಿ ಒಂದಾಗುತ್ತದೆ. ಹೊಸ ಸೋಲ್ಡರಿನ ಸೀಸ ಹಳೆಯದರ ಜೊತೆ ಬೆರೆತು ಕರಗುವ ಡಿಗ್ರಿಯನ್ನು ಕೆಳಗೆ ಎಳೆಯುತ್ತದೆ. ತೆಗೆಯಬೇಕಾದ ಕಡೆ ಇನ್ನಷ್ಟು ಸೋಲ್ಡರ್ ಹಾಕುವುದು ವಿಚಿತ್ರ ಅನ್ನಿಸಬಹುದು, ಆದರೆ ಸೀಸ ಇಲ್ಲದ ಬೋರ್ಡಿನಲ್ಲಿ ಕೆಲಸ ಸುಲಭವಾಗುವುದೇ ಇದರಿಂದ.

ಈಗ ಮೈನಸ್ ಕಾಲು. ಅದೇ ಐರನ್, ಅದೇ 350, ನಾಲ್ಕು ಸೆಕೆಂಡಾದರೂ ಕರಗುವುದಿಲ್ಲ. ಪ್ಯಾಡ್ ಎದ್ದು ಬರುವುದು ಇಂಥ ಜಾಗದಲ್ಲೇ, ಹಾಗಾಗಿ ನಿಧಾನವಾಗಿ ನೋಡೋಣ.

ಮೈನಸ್ ಕಾಲು ಸೇರುವುದು ಗ್ರೌಂಡ್ ಪ್ಲೇನಿಗೆ. ಅಂದರೆ ಬೋರ್ಡಿನ ಉದ್ದಗಲಕ್ಕೆ ಹಾಸಿರುವ ತಾಮ್ರದ ಹಾಳೆಗೆ. ನೀವು ಕೊಟ್ಟ ಬಿಸಿಯನ್ನೆಲ್ಲ ಅದು ಹಂಚಿಬಿಡುತ್ತದೆ. ಇಲ್ಲಿ ಒತ್ತಿ ಹಿಡಿದು ಹತ್ತು ಸೆಕೆಂಡು, ಹದಿನೈದು ಸೆಕೆಂಡು ಎಂದು ಕಾಯುತ್ತಾ ಕೂತರೆ ಏನಾಗುತ್ತದೆ? ಮಾಮೂಲಿ ಗಾಜಿನ ನಾರಿನ ಬೋರ್ಡಿನ ಎಪಾಕ್ಸಿ ಅಂಟು 130-140 ಡಿಗ್ರಿ ದಾಟಿದ ಮೇಲೆ ಮೆದುವಾಗುತ್ತದೆ, ಬೋರ್ಡ್ ದಪ್ಪದ ಕಡೆಗೆ ಹಿಗ್ಗತೊಡಗುತ್ತದೆ. ತಾಮ್ರದ ಪ್ಯಾಡಿನ ಹಿಡಿತ ಸಡಿಲವಾಗುತ್ತದೆ. ಅದೇ ಹೊತ್ತಿಗೆ ನೀವು ಬಿಟ್‌ನಿಂದ ಒತ್ತಿದರೆ ಅಥವಾ ಕೆಪ್ಯಾಸಿಟರ್ ಎಳೆದರೆ ಪ್ಯಾಡ್ ಅದರ ಜೊತೆಗೇ ಬರುತ್ತದೆ. ಅಡಾಪ್ಟರ್, ಸೆಟ್‌ಟಾಪ್ ಬಾಕ್ಸುಗಳಲ್ಲಿ ಕಾಣುವ ಕಂದು ಬಣ್ಣದ ಒಂದೇ ಬದಿಯ ಬೋರ್ಡುಗಳು ಇನ್ನೂ ಸೂಕ್ಷ್ಮ. ಅಲ್ಲಿ ತೂತಿನೊಳಗೆ ತಾಮ್ರದ ಗೋಡೆ ಇರುವುದಿಲ್ಲ, ಪ್ಯಾಡ್ ಬರೀ ಅಂಟಿನ ಮೇಲೆ ನಿಂತಿರುತ್ತದೆ.

ಅದಕ್ಕೇ ನಾನು ಹೇಳುವ ನಿಯಮ: ನಾಲ್ಕು ಸೆಕೆಂಡಿನಲ್ಲಿ ಕರಗದಿದ್ದರೆ ಐರನ್ ಎತ್ತಿ. ಅರ್ಧ ನಿಮಿಷ ಆರಲು ಬಿಡಿ. ಮತ್ತೆ ಇಡುವ ಮೊದಲು ಏನಾದರೂ ಒಂದನ್ನು ಬದಲಿಸಿ, ಈ ಕ್ರಮದಲ್ಲಿ:

- ಫ್ಲಕ್ಸ್ ಮತ್ತು ಹೊಸ 63/37 ಇನ್ನಷ್ಟು ಹಾಕಿ.
- ಇನ್ನೂ ಅಗಲದ ಬಿಟ್ ಹಾಕಿ, ಅದರ ಚಪ್ಪಟೆ ಮೈ ಪೂರ್ತಿ ತಾಗುವಂತೆ ಇಡಿ.
- ಹೇರ್ ಡ್ರೈಯರಿನಿಂದ ಆ ಭಾಗವನ್ನು ಒಂದೆರಡು ನಿಮಿಷ, ಕೈ ಇಡಲಾಗದಷ್ಟು ಬಿಸಿ ಮಾಡಿ. ಗ್ರೌಂಡ್ ಪ್ಲೇನ್ 30 ಡಿಗ್ರಿ ಬದಲು 70ರಿಂದ ಶುರುವಾದರೆ ಐರನ್‌ಗೆ ಅಷ್ಟು ಹೊರೆ ಕಡಿಮೆ.
- ಇಷ್ಟಾದ ಮೇಲೂ ಆಗದಿದ್ದರೆ ಮಾತ್ರ 370, ಹೆಚ್ಚೆಂದರೆ 380.

ನಮ್ಮ ರೌಟರಿನಲ್ಲಿ ಸಾಮಾನ್ಯವಾಗಿ ಮೂರನೆಯದರಲ್ಲೇ ಕೆಲಸ ಮುಗಿಯುತ್ತದೆ.

ಎರಡೂ ಕಾಲು ಒಟ್ಟಿಗೆ ಕರಗಿಸಲು ಆಗುವುದಿಲ್ಲ. ಒಂದು ಕಾಲು ಕರಗಿದಾಗ ಕೆಪ್ಯಾಸಿಟರನ್ನು ಆ ಕಡೆಯಿಂದ ಸ್ವಲ್ಪ ಓರೆ ಮಾಡಿ, ಮತ್ತೊಂದು ಕರಗಿಸಿ ಈ ಕಡೆ ಓರೆ ಮಾಡಿ. ಹೀಗೆ ಅಲುಗಾಡಿಸುತ್ತಾ ಹೊರಗೆ ತನ್ನಿ. ಸೋಲ್ಡರ್ ಗಟ್ಟಿ ಇರುವಾಗ ಎಳೆದರೆ ತೂತಿನೊಳಗಿನ ತಾಮ್ರದ ಗೋಡೆಯೇ ಕಿತ್ತು ಬರುತ್ತದೆ, ಅದರ ಜೊತೆ ಒಳಪದರದ ಸಂಪರ್ಕವೂ ಹೋಗುತ್ತದೆ.

ತೂತಿನಲ್ಲಿ ಸೋಲ್ಡರ್ ಉಳಿದಿರುತ್ತದೆ. ಪಂಪಿನಿಂದ ಎಳೆಯಿರಿ. ಗ್ರೌಂಡ್ ತೂತು ಪಂಪಿಗೆ ಬಗ್ಗದಿದ್ದರೆ ಒಂದು ಬದಿಯಿಂದ ಬಿಸಿ ಮಾಡುತ್ತಾ, ಇನ್ನೊಂದು ಬದಿಯಿಂದ ತೆಂಗಿನ ಕಡ್ಡಿಯ ಚೂಪು ತುದಿ ಹಗುರಾಗಿ ತೂರಿಸಿ, ಐರನ್ ತೆಗೆಯಿರಿ. ಸೋಲ್ಡರ್ ಕಡ್ಡಿಗೆ ಅಂಟುವುದಿಲ್ಲ. ಆರಿದ ಮೇಲೆ ತಿರುಗಿಸಿ ಎಳೆದರೆ ಚೊಕ್ಕ ತೂತು. ಸೂಜಿಯಿಂದ ಕೆರೆಯಲು ಹೋಗಬೇಡಿ.

5. ಹೊಸದು ಹಾಕುವಾಗ ಪಾರ್ಟಿಗೆ ಬಿಸಿ ತಾಗದಂತೆ

ಅದೇ ಅಳತೆ, 105 ಡಿಗ್ರಿ ಎಂದು ಬರೆದ ಕೆಪ್ಯಾಸಿಟರ್ ತನ್ನಿ. ಆ 105 ಕೆಲಸ ಮಾಡುವಾಗ ಸುತ್ತಲೂ ಇರಬಹುದಾದ ಬಿಸಿ, ಸೋಲ್ಡರಿಂಗ್ ಬಿಸಿಯಲ್ಲ. ಬೆಸುಗೆಗೆ ಬೇರೆ ಮಿತಿ ಇದೆ. ಇಂಥ ಕೆಪ್ಯಾಸಿಟರುಗಳ ಡೇಟಾಶೀಟಿನಲ್ಲಿ ಸಾಮಾನ್ಯವಾಗಿ ಕಾಣುವುದು 350 ಡಿಗ್ರಿ ಐರನ್, ಮೂರು ಸೆಕೆಂಡಿನ ಆಸುಪಾಸು. ಕಾಲು ಹೊರಬರುವ ಜಾಗದಲ್ಲಿ ಒಂದು ರಬ್ಬರ್ ಬಿರಡೆ ಇದೆ. ಕಾಲಿನ ಮೂಲಕ ಬಿಸಿ ಏರಿ ಅದು ಕೆಟ್ಟರೆ ಒಳಗಿನ ದ್ರವ ಮೆಲ್ಲಗೆ ಆವಿಯಾಗಿ ಹೋಗುತ್ತದೆ. ಅಂದು ಚೆನ್ನಾಗಿಯೇ ಇರುತ್ತದೆ, ಕೆಲವು ತಿಂಗಳ ಮೇಲೆ ರೌಟರ್ ಮತ್ತೆ ಆಫ್-ಆನ್ ಆಗಲು ಶುರು.

ಅಂಗಡಿಯಲ್ಲಿ ಬಹಳ ದಿನ ಕೂತ ಪಾರ್ಟಿನ ಕಾಲು ನಮ್ಮ ಕಡಲಗಾಳಿಗೆ ಮಂಕಾಗಿರುತ್ತದೆ. ಅದರ ಮೇಲೆ ಸೋಲ್ಡರ್ ನೀರಹನಿಯ ಹಾಗೆ ಗುಂಡಗೆ ನಿಂತುಬಿಡುತ್ತದೆ. ಬಿಸಿ ಏರಿಸಿದರೆ ಇದು ಸರಿಹೋಗುವುದಿಲ್ಲ. ನಯವಾದ ಮರಳು ಕಾಗದದಲ್ಲಿ ಒಮ್ಮೆ ಹಗುರಾಗಿ ಎಳೆದು, ಫ್ಲಕ್ಸ್ ಹಚ್ಚಿ.

ಫೋಟೋ ನೋಡಿ ಪ್ಲಸ್-ಮೈನಸ್ ಸರಿಯಾಗಿ ಕೂರಿಸಿ. 340ರಲ್ಲಿ ಪ್ಲಸ್ ಕಾಲು ಮೊದಲು. ಬಿಟ್ ಪ್ಯಾಡಿಗೂ ಕಾಲಿಗೂ ಒಟ್ಟಿಗೆ ತಾಗಲಿ. ಒಂದು ಸೆಕೆಂಡ್ ಬಿಟ್ಟು, ವೈರನ್ನು ಬಿಟ್ ಮೇಲಲ್ಲ, ಎದುರಿನ ಬದಿಯಿಂದ ಕಾಲಿಗೆ ಮುಟ್ಟಿಸಿ. ಕರಗಿ ಸುತ್ತ ಹರಡಿದ ಕೂಡಲೇ ಮೊದಲು ವೈರ್, ಆಮೇಲೆ ಐರನ್ ತೆಗೆಯಿರಿ. ಕೆಪ್ಯಾಸಿಟರ್ ಬೆರಳಲ್ಲಿ ಮುಟ್ಟಿ ನೋಡಿ, ತಣ್ಣಗಾದ ಮೇಲೆ ಮೈನಸ್. ಅದಕ್ಕೆ ಮತ್ತೆ ಡ್ರೈಯರ್ ಬಿಸಿ ಕೊಟ್ಟು, 350ರಲ್ಲಿ ಮೂರು ಸೆಕೆಂಡ್.

ಬೇರೆ ಪಾರ್ಟುಗಳ ಬಗ್ಗೆ ಇಷ್ಟು ಗೊತ್ತಿದ್ದರೆ ಸಾಕು. ಎಲ್‌ಇಡಿ ಮತ್ತು ಪ್ಲಾಸ್ಟಿಕ್ ಕನೆಕ್ಟರ್‌ಗಳಿಗೆ 320-330, ಕಾಲಿಗೆ ಎರಡು ಸೆಕೆಂಡ್. ಕನೆಕ್ಟರಿನ ಪಿನ್‌ಗಳನ್ನು ಸಾಲಾಗಿ ಮಾಡದೆ, ಒಂದು ಬಿಟ್ಟು ಒಂದು ಮಾಡಿ. ಇಲ್ಲದಿದ್ದರೆ ಪ್ಲಾಸ್ಟಿಕ್ ಮೆತ್ತಗಾಗಿ ಪಿನ್ ಓರೆಯಾಗುತ್ತದೆ. ಬೋರ್ಡಿನ ಮೇಲೆ ಅಂಟಿದ ಸಣ್ಣ ಸೆರಾಮಿಕ್ ಕೆಪ್ಯಾಸಿಟರಿನ ಮೈಗೆ ಬಿಟ್ ತಾಗಿಸಬೇಡಿ. ಒಮ್ಮೆಲೇ ತಾಗಿದ ಬಿಸಿಗೆ ಅದು ಒಳಗೇ ಬಿರುಕು ಬಿಡುತ್ತದೆ, ಹೊರಗಿನಿಂದ ಕಾಣುವುದೂ ಇಲ್ಲ.

ಒಂದು ಕಡೆ ಮಾತ್ರ ಸೀಸದ ಸೋಲ್ಡರ್ ಬೆರೆಸಬಾರದು. ಶಾಖ ತಡೆಯದ ಕೆಲವು ಬೋರ್ಡುಗಳಲ್ಲಿ 138 ಡಿಗ್ರಿಗೇ ಕರಗುವ ತವರ-ಬಿಸ್ಮತ್ ಸೋಲ್ಡರ್ ಬಳಸುತ್ತಾರೆ. ಅದಕ್ಕೆ ಸೀಸ ಸೇರಿದರೆ 96 ಡಿಗ್ರಿಯಲ್ಲಿ ಕರಗುವ ಮಿಶ್ರಣ ಆಗಬಹುದು. ಐರನ್ ತಾಗಿಸಿದ ಕೂಡಲೇ ಬೆಣ್ಣೆಯಂತೆ ಕರಗುವ ಜಾಯಿಂಟ್ ಕಂಡರೆ ಹಳೆಯದನ್ನೆಲ್ಲ ತೆಗೆದು ಶುದ್ಧ ಮಾಡಿಯೇ ಹೊಸದು ಹಾಕಿ.

6. ಜಾಯಿಂಟ್ ಓದುವುದು

ಒಳ್ಳೆಯ ಜಾಯಿಂಟ್ ಕಾಲಿನ ಬುಡದಿಂದ ಪ್ಯಾಡಿನ ಅಂಚಿನವರೆಗೆ ಇಳಿಜಾರಾಗಿ, ಒಳಗೆ ಬಾಗಿ ಹರಡಿರುತ್ತದೆ. ಉಂಡೆಯಂತೆ ನಿಂತಿದ್ದರೆ ಅಂಟಿಲ್ಲ. 63/37 ಹೊಳೆಯಬೇಕು. ಸೀಸ ಇಲ್ಲದ್ದು ಚೆನ್ನಾಗಿ ಕೂತಾಗಲೂ ಮಂಕಾಗಿಯೇ ಇರುತ್ತದೆ, ಹಾಗಾಗಿ ಅಲ್ಲಿ ಹೊಳಪು ನೋಡಬೇಡಿ, ಹರಡಿದ ಆಕಾರ ನೋಡಿ. "ಮಂಕಾಗಿದೆ, ಕೋಲ್ಡ್ ಜಾಯಿಂಟ್" ಎಂದು ಮತ್ತೆ ಮತ್ತೆ ಬಿಸಿ ಮಾಡಿ ಬೋರ್ಡ್ ಕೆಡಿಸಿಕೊಂಡವರು ತುಂಬಾ ಜನ.

ಬಿಸಿ ಜಾಸ್ತಿ ಆಯಿತು ಎನ್ನುವುದಕ್ಕೂ ಗುರುತುಗಳಿವೆ. ಐರನ್ ತೆಗೆಯುವಾಗ ಸೋಲ್ಡರ್ ಬಾಲದಂತೆ ಎಳೆದು ಮೊನೆ ನಿಂತರೆ ಫ್ಲಕ್ಸ್ ಸುಟ್ಟುಹೋಗಿದೆ; ಹೊಸ ಫ್ಲಕ್ಸ್ ಹಾಕಿ ಒಂದು ಸೆಕೆಂಡ್ ಮುಟ್ಟಿಸಿದರೆ ಸರಿಯಾಗುತ್ತದೆ. ಪ್ಯಾಡಿನ ಸುತ್ತ ಬೋರ್ಡ್ ಕಂದಾದರೆ ಅಲ್ಲಿಗೆ ನಿಲ್ಲಿಸಿ. ಕಾಲು ಅಲುಗಿಸಿದಾಗ ಪ್ಯಾಡೂ ಅಲುಗಿದರೆ ಅದು ಎದ್ದಿದೆ. ಒತ್ತಿ ಅಂಟಿಸಲು ಹೋಗಬೇಡಿ. ಆ ಟ್ರ್ಯಾಕ್ ಮುಂದೆ ಎಲ್ಲಿಗೆ ಹೋಗುತ್ತದೆ ನೋಡಿ, ಅಲ್ಲಿನ ಜಾಯಿಂಟಿನಿಂದ ಕೆಪ್ಯಾಸಿಟರ್ ಕಾಲಿಗೆ ಒಂದು ತೆಳು ವೈರ್ ಹಾಕಿ.

7. ಕೆಲಸ ಮುಗಿದ ಮೇಲೆ

ಆಲ್ಕೋಹಾಲ್ ಮತ್ತು ಬ್ರಷ್ಷಿನಿಂದ ಫ್ಲಕ್ಸ್ ಉಳಿಕೆ ತೆಗೆಯಿರಿ. ಬೇರೆ ಊರಲ್ಲಿ ಬಿಟ್ಟರೂ ನಡೆಯಬಹುದು, ಜೂನ್-ಜುಲೈಯ ಮಂಗಳೂರು, ಉಡುಪಿಯಲ್ಲಿ ಬಿಡಬೇಡಿ. ಐರನ್ ಹತ್ತಿರ ಇರುವಾಗ ಮಾತ್ರ ಆಲ್ಕೋಹಾಲ್ ಬಾಟಲಿ ತೆರೆಯಬೇಡಿ, ಬೆಂಕಿ ಹಿಡಿಯುತ್ತದೆ.

ಏಳುವ ಹೊಗೆ ಸೀಸದ್ದಲ್ಲ, ಫ್ಲಕ್ಸಿನದು. ಈ ಬಿಸಿಗೆ ಸೀಸ ಲೆಕ್ಕಕ್ಕೆ ಬರುವಷ್ಟು ಆವಿಯಾಗುವುದಿಲ್ಲ. ಆದರೆ ರೋಸಿನ್ ಹೊಗೆ ಉಬ್ಬಸ ತರಬಲ್ಲದು. ಸೀಸ ಮೈಗೆ ಸೇರುವುದು ಹೆಚ್ಚಾಗಿ ಕೈಯಿಂದ ಬಾಯಿಗೆ. ಹಾಗಾಗಿ ಸೋಲ್ಡರ್ ವೈರನ್ನು ಹಲ್ಲಲ್ಲಿ ಕಚ್ಚಿ ಹಿಡಿಯಬೇಡಿ, ಕೆಲಸದ ಮೇಜಿನಲ್ಲಿ ಚಾ ಇಟ್ಟುಕೊಳ್ಳಬೇಡಿ, ಊಟಕ್ಕೆ ಮುಂಚೆ ಸೋಪ್ ಹಾಕಿ ಕೈ ತೊಳೆಯಿರಿ. ಪಂಪಿನಿಂದ ಉದುರಿದ ಚೂರುಗಳನ್ನು ತೆಂಗಿನ ಬುಡಕ್ಕೆ ಎಸೆಯದೆ ಒಂದು ಡಬ್ಬಿಯಲ್ಲಿ ಹಾಕಿ, ತುಂಬಿದಾಗ ಇ-ತ್ಯಾಜ್ಯಕ್ಕೆ ಕೊಡಿ.

ಐರನ್ ಆಫ್ ಮಾಡುವ ಮೊದಲು ಬಿಟ್ ಮೇಲೆ ಹೊಸ ಸೋಲ್ಡರ್ ದಪ್ಪಗೆ ಹಚ್ಚಿ, ಒರೆಸದೆ ಹಾಗೇ ಬಿಡಿ. ಉಪ್ಪುಗಾಳಿಗೆ ಆ ಪದರ ಮಂಕಾಗುತ್ತದೆ, ಕೆಳಗಿನ ಕಬ್ಬಿಣ ಉಳಿಯುತ್ತದೆ.